ಮದುವೆಯ ನಂತರ ಒಂದೇ ಮನೆಯೋ, ಬೇರೆ ಮನೆಯೋ? ಲೆಕ್ಕ ತಪ್ಪುವುದು ಎಲ್ಲಿ

ಹದಡಿಯಂಥ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ದೊಡ್ಡ ನಗರದಲ್ಲಿ ಹುಡುಕಿದಂತಲ್ಲ. ದಾವಣಗೆರೆ ಹತ್ತಿರವೇ ಇದೆ. ಗಂಡ ಹೆಂಡತಿ ಇಬ್ಬರೂ ಊರಿನಲ್ಲೇ ಇದ್ದು ಬಸ್ಸು ಹಿಡಿದು ಪೇಟೆಯ ಕೆಲಸಕ್ಕೆ ಹೋಗಬಹುದು, ಇಲ್ಲವೇ ಪೇಟೆಯಲ್ಲಿ ಬಾಡಿಗೆ ಮನೆ ಮಾಡಿ ಭಾನುವಾರ ಊರಿಗೆ ಬರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿರುವುದರಿಂದ ಊರಲ್ಲೇ ಉಳಿದು ಓಡಾಡುವ ಖರ್ಚು ಇನ್ನಷ್ಟು ಇಳಿದಿದೆ. ಎರಡು ದಾರಿಯೂ ತೆರೆದಿರುವ ಕಾರಣಕ್ಕೇ ಮನೆಯಲ್ಲಿ ಮಾತು ಹೆಚ್ಚು ನಡೆಯುತ್ತದೆ.

ಆ ಮಾತಿನಲ್ಲಿ ತಪ್ಪದೆ ಬರುವ ಒಂದು ವಾಕ್ಯವಿದೆ: "ನಮ್ಮ ಕಾಲದಾಗ ಎಲ್ಲಾರೂ ಕೂಡೇ ಇರ್ತಿದ್ರು." ಮೊದಲು ಇದನ್ನು ನೋಡೋಣ. 1951ರ ಜನಗಣತಿಯಲ್ಲಿ ದೇಶದ ಹಳ್ಳಿಮನೆಯೊಂದರಲ್ಲಿ ಇದ್ದವರು ಸರಾಸರಿ 5 ಜನ. 2011ರಲ್ಲೂ ಸರಾಸರಿ ಹೆಚ್ಚುಕಡಿಮೆ ಅಷ್ಟೇ. ಅಂದು ಮಕ್ಕಳು ಹೆಚ್ಚು ಹುಟ್ಟುತ್ತಿದ್ದರು, ಆದರೆ ಹಿರಿಯರು ಬೇಗ ತೀರಿಕೊಳ್ಳುತ್ತಿದ್ದರು. ಅಜ್ಜ, ಅಪ್ಪ, ಮೊಮ್ಮಗ ಮೂವರೂ ಒಂದೇ ಸೂರಿನಡಿ ಬಹಳ ವರ್ಷ ಕಳೆಯುವುದು ಕಡಿಮೆ ಮನೆಗಳಿಗೆ ಸಿಗುತ್ತಿದ್ದ ಭಾಗ್ಯ. ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಮನೆತನದ ಹಾಗೆ ನೂರಕ್ಕೂ ಹೆಚ್ಚು ಜನ ಒಟ್ಟಿಗಿರುವ ಕುಟುಂಬ ಪತ್ರಿಕೆಗಳಲ್ಲಿ ಸುದ್ದಿಯಾಗುವುದೇ ಅದು ಅಪರೂಪ ಎಂಬ ಕಾರಣಕ್ಕೆ. ಇನ್ನು ಒಟ್ಟಿಗಿದ್ದ ಅಣ್ಣತಮ್ಮಂದಿರೂ ಅಪ್ಪ ತೀರಿಕೊಂಡ ಮೇಲೆ ಪಾಲಾಗಿ ಒಲೆ ಬೇರೆ ಮಾಡುವುದು ಹಳೆಯ ರೂಢಿಯೇ. ಹಾಗಾಗಿ ಬೇರೆ ಹೋಗುವುದು ಈ ಕಾಲದ ಹುಡುಗಿಯರು ತಂದ ಹೊಸ ಪದ್ಧತಿ ಎನ್ನುವುದು ಸರಿಯಲ್ಲ. ಹೊಸದಾಗಿರುವುದು ಹಿರಿಯರ ಆಯಸ್ಸು.

ನಿಜವಾದ ಲೆಕ್ಕ ಶುರುವಾಗುವುದೂ ಆ ಆಯಸ್ಸಿನಿಂದಲೇ. ಒಂದು ಕಲ್ಪಿತ ಮನೆ ಇಟ್ಟುಕೊಳ್ಳಿ. ಮದುವೆಯಾದಾಗ ಹುಡುಗನಿಗೆ 28, ಹುಡುಗಿಗೆ 24, ಅತ್ತೆಗೆ 50, ಮಾವನಿಗೆ 56. ಎರಡು ವರ್ಷಕ್ಕೆ ಮಗು ಹುಟ್ಟುತ್ತದೆ, ಆಗ ಅತ್ತೆಗೆ 52. ಮಗು ಒಂದನೇ ತರಗತಿಗೆ ಹೋಗುವ ಹೊತ್ತಿಗೆ ಅತ್ತೆಗೆ 58. ಈ ಆರು ವರ್ಷ ಅತ್ತೆಗೆ ಯಾರ ಆರೈಕೆಯೂ ಬೇಕಿಲ್ಲ. ಆರೈಕೆ ಕೊಡುವವರೇ ಅವರು. ಅವರಿಗೆ 75 ತುಂಬಿ ಕೈಹಿಡಿದು ನಡೆಸುವ ಸ್ಥಿತಿ ಬಂದರೆ, ಆಗ ಮೊಮ್ಮಗುವಿಗೆ 23, ಸೊಸೆಗೆ 49. ಅಂದರೆ ಅತ್ತೆ ಕೊಡುವ ಕಾಲಕ್ಕೂ ಅತ್ತೆಗೆ ಬೇಕಾಗುವ ಕಾಲಕ್ಕೂ ನಡುವೆ 17 ವರ್ಷದ ಅಂತರ.

ಮಗುವಿಗಾಗಿ ಒಟ್ಟಿಗಿರುವುದು, ಹಿರಿಯರಿಗಾಗಿ ಒಟ್ಟಿಗಿರುವುದು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅವು ಎರಡು ಬೇರೆ ಬೇರೆ ಕಾಲದ ಕೆಲಸಗಳು. ಮದುವೆಯಾದ ಹೊಸದರಲ್ಲಿ ಕೂಡಿರುವುದರಿಂದ ಹೆಚ್ಚು ಲಾಭ ಸಿಗುವುದು ಎಳೆಯ ಜೋಡಿಗೆ. ಮಗು ಶಾಲೆಗೆ ಸೇರಿದ ಕೂಡಲೇ ಬೇರೆ ಮನೆ ಮಾಡಿದರೆ ಹಿರಿಯರಿಗೆ ಸಾಲ ಕೊಟ್ಟು ವಾಪಸ್ ಬಾರದ ಭಾವನೆ ಬರುವುದು ಇದಕ್ಕೇ. ಜಗಳ ಅಡುಗೆಮನೆಯ ಬಗ್ಗೆ ಎಂದು ಕಾಣುತ್ತದೆ, ಒಳಗೆ ಇರುವುದು ಈ ಬಾಕಿ ಲೆಕ್ಕ.

ಅತ್ತೆಯ ಆ ಆರು ವರ್ಷ ಪುಕ್ಕಟೆಯೂ ಅಲ್ಲ. ಭದ್ರಾ ನಾಲೆಯ ನೀರಾವರಿಯ ಕಡೆ 52ರ ಹೆಂಗಸು ಹೊಲ, ತೋಟ, ದನ ನೋಡಿಕೊಂಡು ದುಡಿಯುತ್ತಿರುತ್ತಾಳೆ. ಮಗುವನ್ನು ಎತ್ತಿಕೊಳ್ಳಲು ಆ ಕೆಲಸ ಬಿಡಬೇಕು, ಇಲ್ಲವೇ ಎರಡನ್ನೂ ಮಾಡಿ ಮಂಡಿ ನೋಯಿಸಿಕೊಳ್ಳಬೇಕು. ಅಂಗನವಾಡಿ ಶಾಲೆಗೆ ಮಗುವಿಗೆ ಮೂರು ತುಂಬಬೇಕು. ಕಾನೂನಿನ ಪ್ರಕಾರ ತಾಯಿಗೆ ಸಂಬಳದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಅದೂ ಸಿಗುವಂಥ ಕಡೆ ಕೆಲಸವಿದ್ದರೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಈ ಖಾಲಿ ಜಾಗವನ್ನೇ ಅಜ್ಜಿ ತುಂಬುವುದು. ಬೇರೆ ಮನೆ ಮಾಡುವವರು ಮೊದಲು ಉತ್ತರ ಹುಡುಕಬೇಕಾದದ್ದು ಈ ಎರಡೂವರೆ ವರ್ಷಕ್ಕೆ. ಬಾಡಿಗೆಯ ಪ್ರಶ್ನೆ ಆಮೇಲಿನದು.

ಇನ್ನು ಖಾಸಗಿತನ. ಇದನ್ನು ಮಲಗುವ ಕೋಣೆಗೆ ಬಾಗಿಲಿದೆಯೇ ಎಂಬಷ್ಟಕ್ಕೆ ಇಳಿಸುವುದು ತಪ್ಪು. ಯಾರ ಜೊತೆ ಮಾತಾಡಬಹುದು, ಒಬ್ಬಳೇ ಆಸ್ಪತ್ರೆಗೆ ಹೋಗಬಹುದೇ, ಎರಡನೇ ಮಗು ಯಾವಾಗ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ, ಇವೆಲ್ಲ ಇದರೊಳಗೇ ಬರುತ್ತವೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದರಲ್ಲಿ, ಅತ್ತೆಯ ಜೊತೆ ಇರುವ ಸೊಸೆಯಂದಿರಿಗೆ ಮನೆಯ ಹೊರಗೆ ಆಪ್ತ ಗೆಳತಿಯರು ಕಡಿಮೆ ಎಂದು ಕಂಡುಬಂತು. ಗೆಳತಿಯರು ಕಡಿಮೆಯಾದಂತೆ ಕುಟುಂಬ ಯೋಜನೆಯ ಸೇವೆ ಪಡೆಯುವುದೂ ಕಡಿಮೆ. ಅದನ್ನು ಹಾಗೆಯೇ ನಮ್ಮಲ್ಲಿಗೆ ತಂದು ಹಚ್ಚುವ ಹಾಗಿಲ್ಲ. ನಮ್ಮ ಕಡೆ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದುಂಟು. ಅಲ್ಲಿ ಅತ್ತೆ ಅಪರಿಚಿತಳಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಅದೇ: ಸೊಸೆ ಯಾರನ್ನೂ ಕೇಳದೆ ತನ್ನ ಫೋನಿನಲ್ಲಿ ಅರ್ಧ ಗಂಟೆ ಮಾತಾಡಬಲ್ಲಳೇ? ಇಲ್ಲ ಎನ್ನುವುದಾದರೆ ಕೋಣೆಗೆ ಬಾಗಿಲು ಹಾಕಿಸಿ ಪ್ರಯೋಜನವಿಲ್ಲ.

(ಕಾಗದದ ಮೇಲೆ ಮಾತ್ರ ಬೇರೆಯಾಗುವವರೂ ಇದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಮಾತ್ರ ಬರುವುದರಿಂದ, ಒಂದೇ ಮನೆಯೊಳಗೆ ಚೀಟಿ ಎರಡಾಗಿಸುವ ಆಸೆ ಹುಟ್ಟುವುದು ಸಹಜ.)

ಬೇರೆ ಹೋದರೆ ಹಿರಿಯರ ಹೊಣೆ ತಪ್ಪುತ್ತದೆ ಎಂಬ ನಂಬಿಕೆ ಎರಡೂ ಕಡೆ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ ಮತ್ತು ಮಗಳು, ಮೊಮ್ಮಕ್ಕಳೂ ಸೇರಿ. ಎಲ್ಲಿದ್ದರೂ ಹೊಣೆ ಇದೆ, ಮದುವೆಯಾದ ಮಗಳಿಗೂ ಇದೆ. ದೂರು ಕೇಳುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ. ಸೊಸೆಯ ಹೆಸರು ಆ ಪಟ್ಟಿಯಲ್ಲೇ ಇಲ್ಲ, ಆದರೂ ನೀರು ಕಾಯಿಸಿ ಸ್ನಾನ ಮಾಡಿಸುವ ಕೆಲಸ ಬೀಳುವುದು ಅವಳ ಮೇಲೆಯೇ. ಇದೇ ಕಾಯ್ದೆಯನ್ನು ಸೊಸೆಯನ್ನು ಹೊರಹಾಕಲು ಬಳಸಿದ ಬೆಂಗಳೂರಿನ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎಸ್. ವನಿತಾ ಪ್ರಕರಣ ಎಂದು ಹೆಸರಾದ ಆ ತೀರ್ಪು 2020ರ ಡಿಸೆಂಬರ್‌ನಲ್ಲಿ ಬಂತು. ಮನೆ ಅತ್ತೆಯ ಹೆಸರಿನಲ್ಲಿದ್ದರೂ, ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಗೆ ಕೊಟ್ಟಿರುವ ವಾಸದ ಹಕ್ಕನ್ನು ಈ ಕಾಯ್ದೆಯ ಅವಸರದ ವಿಚಾರಣೆಯಿಂದ ಕಸಿದುಕೊಳ್ಳಲಾಗದು ಎಂದು ಕೋರ್ಟು ಹೇಳಿತು.

ಹಾಗಾದರೆ ಎಷ್ಟು ದೂರ ಇರಬಹುದು? ಹಿರಿಯರಿಗೆ ಬೇಕಾದದ್ದು ಯಾವ ಬಗೆಯ ಆರೈಕೆ ಎಂಬುದರ ಮೇಲೆ ಇದು ನಿಂತಿದೆ. ತಿಂಗಳಿಗೊಮ್ಮೆ ಚಿಗಟೇರಿ ಆಸ್ಪತ್ರೆಗೆ ತೋರಿಸಿಕೊಂಡು ಬರುವುದು, ವಾರಕ್ಕೊಮ್ಮೆ ದಿನಸಿ, ದಿನಕ್ಕೊಮ್ಮೆ ಮಾತು, ಇವು ಅರ್ಧ ಗಂಟೆಯ ದಾರಿಯಲ್ಲಿದ್ದುಕೊಂಡೇ ಆಗುತ್ತವೆ. ಬೆಂಗಳೂರಿನಿಂದ ಆಗುವುದಿಲ್ಲ. ಯಾವ ಹೊತ್ತಿಗೆ ಬೇಕಾಗುತ್ತದೋ ಗೊತ್ತಿಲ್ಲದ ಆರೈಕೆ, ಉದಾಹರಣೆಗೆ ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬೀಳುವುದು, ಶುರುವಾದ ಮೇಲೆ ಅರ್ಧ ಗಂಟೆಯೂ ದೂರವೇ. ಆಗ ಒಂದೇ ಸೂರು ಬೇಕು, ಇಲ್ಲವೇ ರಾತ್ರಿ ಉಳಿಯುವವರು ಬೇಕು.

ಆ ಹಂತ ಬಂತೇ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಬಿಪಿಗೆ ದಿನಕ್ಕೊಂದರಂತೆ 30 ಮಾತ್ರೆ ಒಂದನೇ ತಾರೀಕು ಕೊಟ್ಟು ಬನ್ನಿ. 20ರ ರಾತ್ರಿ 10 ಉಳಿದಿರಬೇಕು. 16 ಉಳಿದಿದ್ದರೆ ಆರು ದಿನ ತಪ್ಪಿದೆ, ಕೇಳಿದರೆ "ತಗೊಂಡೀನಿ" ಎಂದೇ ಹೇಳುತ್ತಾರೆ. ಇನ್ನೊಂದು: ಕುರ್ಚಿಯಿಂದ ಎದ್ದು, ಮೂರು ಮೀಟರ್ ಮಾಮೂಲಿ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಹೆಚ್ಚು ಎಂದು ವೈದ್ಯರು ಪರಿಗಣಿಸುತ್ತಾರೆ. ಇದು ರೋಗನಿರ್ಣಯವಲ್ಲ, ವೈದ್ಯರಿಗೆ ತೋರಿಸಲು ಕಾರಣ.

ನಮ್ಮ ಕಲ್ಪಿತ ಮನೆಗೆ ಮರಳಿದರೆ, ಆ ಪರೀಕ್ಷೆಯಲ್ಲಿ ಮೊದಲು ಸೋಲುವವರು ಬಹುಶಃ ಮಾವ. ಅವರಿಗೆ 75 ಆದಾಗ ಅತ್ತೆಗೆ 69, ಮೊದಲ ಆರೈಕೆದಾರರು ಅತ್ತೆಯೇ. ಮಗ-ಸೊಸೆ ದಾವಣಗೆರೆಯಲ್ಲಿ ಇದ್ದರೆ ಅಲ್ಲಿಯವರೆಗೂ ಮನೆ ನಡೆಯುತ್ತದೆ. ಅತ್ತೆ ಒಬ್ಬರೇ ಉಳಿದ ದಿನ ಹದಡಿಗೆ ಇವರು ಹೋಗುವುದೋ, ಅವರು ಇಲ್ಲಿಗೆ ಬರುವುದೋ ಎಂಬ ಮಾತನ್ನು ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವ ವಾರದಲ್ಲೇ, ಅತ್ತೆಯ ಮಗಳನ್ನೂ ಕೂರಿಸಿಕೊಂಡು ಆಡಿದರೆ ಒಳ್ಳೆಯದು. ಅಂದು ಅತ್ತೆಗೆ ತನಗೇನು ಬೇಕೆಂದು ಹೇಳುವ ಶಕ್ತಿ ಇರುತ್ತದೆ.