ಒಂದು ಚಿಹ್ನೆ ತಪ್ಪಿದರೆ ಕ್ಷೌರದ ಕನ್ನಡಿಯೂ ಮುಖವನ್ನು ಕುಗ್ಗಿಸೀತು

ಕ್ಷೌರಕ್ಕೆ ಬಳಸುವ ನಿಮ್ನ ದರ್ಪಣದಲ್ಲಿ ಮುಖ ದೊಡ್ಡದಾಗಿ ಕಾಣುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿಗೆ ಇದು ಗೊತ್ತಿರುವ ಸಂಗತಿಯೇ. ಆದರೆ ಅದೇ ವಿದ್ಯಾರ್ಥಿ ಅದೇ ದರ್ಪಣದ ಲೆಕ್ಕವನ್ನು ಬಿಡಿಸುವಾಗ ಪ್ರತಿಬಿಂಬವು ಚಿಕ್ಕದು ಎಂದು ಉತ್ತರಿಸಿ, ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುವುದುಂಟು. ಕೂಡುವ, ಕಳೆಯುವ ಹಂತಗಳಲ್ಲಿ ಎಲ್ಲೂ ತಪ್ಪಿರುವುದಿಲ್ಲ. ತಪ್ಪಿರುವುದು ಸೂತ್ರಕ್ಕೆ ಹಾಕಿದ ಮೊದಲ ಸಂಖ್ಯೆಯ ಹಿಂದಿನ ಒಂದು ಸಣ್ಣ ಗೆರೆಯಲ್ಲಿ.

ಶಾಲೆಗಳಲ್ಲಿ ಇಂದು ಬಳಕೆಯಲ್ಲಿರುವುದು ನವ ಕಾರ್ಟೀಸಿಯನ್ ಚಿಹ್ನಾ ಪದ್ಧತಿ. ಅದರ ತಿರುಳು ಸರಳವಾಗಿದೆ. ದರ್ಪಣವಾದರೆ ಅದರ ಧ್ರುವದಿಂದ, ಮಸೂರವಾದರೆ ಅದರ ನಡುಬಿಂದುವಿನಿಂದ ಎಲ್ಲ ದೂರಗಳನ್ನೂ ಅಳೆಯಬೇಕು. ಬೆಳಕು ಎಡದಿಂದ ಬಲಕ್ಕೆ ಬರುತ್ತದೆ ಎಂದು ಇಟ್ಟುಕೊಂಡು, ಅದು ಸಾಗುವ ದಿಕ್ಕಿನಲ್ಲಿ ಅಳೆದ ದೂರ ಧನ, ಅದಕ್ಕೆ ಎದುರಾಗಿ ಅಳೆದದ್ದು ಋಣ. ಅಕ್ಷದ ಮೇಲಿನ ಎತ್ತರ ಧನ, ಕೆಳಗಿನದು ಋಣ. ವಸ್ತುವನ್ನು ಎಡಕ್ಕೇ ಇಡುವುದರಿಂದ ವಸ್ತುದೂರ u ಋಣವಾಗುತ್ತದೆ. ನಿಮ್ನ ದರ್ಪಣದ ಸಂಗಮಬಿಂದುವೂ ಅದರ ಮುಂದೆ, ಅಂದರೆ ಎಡಕ್ಕೇ ಇರುವುದರಿಂದ ಸಂಗಮದೂರ f ಕೂಡ ಋಣ.

ಒಂದು ಉದಾಹರಣೆಯನ್ನು ನೋಡೋಣ. ದರ್ಪಣದ ಸಂಗಮದೂರ 15 ಸೆಂ.ಮೀ., ಮುಖ ಇರುವುದು 10 ಸೆಂ.ಮೀ. ದೂರದಲ್ಲಿ. ಸೂತ್ರಕ್ಕೆ ಕೈ ಹಾಕುವ ಮುನ್ನ ಚಿತ್ರ ಬರೆಯುವುದು ಒಳ್ಳೆಯದು. 5 ಸೆಂ.ಮೀ.ಗೆ 1 ಸೆಂ.ಮೀ. ಎಂಬ ಪ್ರಮಾಣದಲ್ಲಿ ಅಕ್ಷದ ಮೇಲೆ ಧ್ರುವದಿಂದ 3 ಸೆಂ.ಮೀ. ಎಡಕ್ಕೆ ಸಂಗಮಬಿಂದುವನ್ನು ಗುರುತಿಸಿ, 2 ಸೆಂ.ಮೀ. ಎಡಕ್ಕೆ 1 ಸೆಂ.ಮೀ. ಎತ್ತರದ ಬಾಣವನ್ನು ನಿಲ್ಲಿಸಬೇಕು. ಬಾಣದ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಹೊರಟ ಕಿರಣವು ದರ್ಪಣಕ್ಕೆ ಬಡಿದು ಸಂಗಮಬಿಂದುವಿನ ಮೂಲಕ ಹಿಂದಿರುಗುತ್ತದೆ. ಧ್ರುವಕ್ಕೆ ಬಡಿದ ಇನ್ನೊಂದು ಕಿರಣವು ಬಂದಷ್ಟೇ ಕೋನದಲ್ಲಿ ಅಕ್ಷದ ಕೆಳಗೆ ಮರಳುತ್ತದೆ. ಮರಳಿದ ಈ ಎರಡೂ ಕಿರಣಗಳು ದರ್ಪಣದ ಮುಂದೆ ಪರಸ್ಪರ ದೂರ ಸರಿಯುತ್ತವೆಯೇ ಹೊರತು ಎಲ್ಲೂ ಕೂಡುವುದಿಲ್ಲ. ಅವನ್ನು ಚುಕ್ಕೆಗೆರೆಗಳಿಂದ ಹಿಂದಕ್ಕೆ ಎಳೆದರೆ ದರ್ಪಣದ ಹಿಂದೆ 6 ಸೆಂ.ಮೀ. ದೂರದಲ್ಲಿ, 3 ಸೆಂ.ಮೀ. ಎತ್ತರದಲ್ಲಿ ಸಂಧಿಸುತ್ತವೆ.

ಇಲ್ಲೊಂದು ಎಚ್ಚರಿಕೆ ಬೇಕು. ಕೈವಾರದಿಂದ ಬಾಗಿದ ದರ್ಪಣವನ್ನು ಬರೆದು ಅದರ ಅಂಚಿಗೆ ಕಿರಣ ತಾಗಿಸಿದರೆ ಗೆರೆಗಳು ಹೇಳಿದ ಜಾಗದಲ್ಲಿ ಸೇರುವುದಿಲ್ಲ. ಅದು ಪೆನ್ಸಿಲಿನ ದೋಷವಲ್ಲ. ಸೂತ್ರವು ಅಕ್ಷದ ಸಮೀಪದ ಕಿರಣಗಳಿಗಷ್ಟೇ ಸರಿಹೊಂದುತ್ತದೆ. ಆದ್ದರಿಂದ ಧ್ರುವದಲ್ಲಿ ಒಂದು ಲಂಬರೇಖೆಯನ್ನು ಎಳೆದು ಅದನ್ನೇ ದರ್ಪಣವೆಂದು ಭಾವಿಸಿದರೆ ಚಿತ್ರವೂ ಲೆಕ್ಕವೂ ತಾಳೆಯಾಗುತ್ತವೆ.

ಈಗ ಸೂತ್ರಕ್ಕೆ ಬರೋಣ. ದರ್ಪಣಕ್ಕೆ 1/v + 1/u = 1/f. ಇಲ್ಲಿ u = -10, f = -15. ಪ್ರತಿಬಿಂಬದ ದೂರ v ಇನ್ನೂ ತಿಳಿಯದ್ದಾದ್ದರಿಂದ ಅದಕ್ಕೆ ಮೊದಲೇ ಚಿಹ್ನೆ ಅಂಟಿಸಬಾರದು. 1/v = -1/15 + 1/10 = 1/30 ಆಗಿ, v = +30 ಸೆಂ.ಮೀ. ಬರುತ್ತದೆ. ವರ್ಧನೆ m = -v/u, ಅಂದರೆ +3. ಚಿತ್ರವೂ ಇದನ್ನೇ ಹೇಳಿತ್ತು: ದರ್ಪಣದ ಹಿಂದೆ 30 ಸೆಂ.ಮೀ. ದೂರದಲ್ಲಿ, ಮೂರು ಪಟ್ಟು ದೊಡ್ಡದಾದ ನೇರ ಪ್ರತಿಬಿಂಬ. ಬೆಳಕು ದರ್ಪಣದ ಹಿಂದಕ್ಕೆ ಹೋಗುವುದೇ ಇಲ್ಲವಾದ್ದರಿಂದ ಅದು ಮಿಥ್ಯಾ ಪ್ರತಿಬಿಂಬ. ಅಲ್ಲಿ ಪರದೆ ಹಿಡಿದರೆ ಏನೂ ಮೂಡದು.

ಮೇಲಿನ ಲೆಕ್ಕದಲ್ಲಿ f ನ ಋಣ ಚಿಹ್ನೆಯನ್ನು ಮರೆತು +15 ಎಂದು ಹಾಕಿದರೆ 1/v = 1/15 + 1/10 ಆಗಿ, v = +6, ವರ್ಧನೆ 0.6 ಬರುತ್ತದೆ. ಈ ಉತ್ತರ ಅಸಂಬದ್ಧವೇನಲ್ಲ. ಅದು ಪೀನ ದರ್ಪಣದ ಸರಿಯಾದ ಉತ್ತರ! ಚಿಹ್ನೆ ಬದಲಾದೊಡನೆ ದರ್ಪಣವೇ ಬದಲಾಯಿತು. ತಪ್ಪು ಸುಲಭವಾಗಿ ಕಣ್ಣಿಗೆ ಬೀಳದಿರುವುದು ಇದರಿಂದಲೇ. ಪಕ್ಕದಲ್ಲಿ ಚಿತ್ರವೊಂದಿದ್ದರೆ ಮಾತ್ರ ಅದು ಒಡನೆ ಸಿಕ್ಕಿಬೀಳುತ್ತದೆ.

ಇನ್ನು ಮಸೂರ. ಅದೇ 15 ಸೆಂ.ಮೀ. ಸಂಗಮದೂರದ ಪೀನ ಮಸೂರವನ್ನು, ಅಂದರೆ ಅಕ್ಷರ ದೊಡ್ಡದು ಮಾಡುವ ಭೂತಗನ್ನಡಿಯನ್ನು ತೆಗೆದುಕೊಂಡು, ವಸ್ತುವನ್ನು ಅದೇ 10 ಸೆಂ.ಮೀ. ದೂರದಲ್ಲಿಡೋಣ. ಸಮಾಂತರ ಕಿರಣವು ಮಸೂರವನ್ನು ದಾಟಿ ಬಲಬದಿಯ ಸಂಗಮಬಿಂದುವಿಗೆ ಬಾಗುತ್ತದೆ. ನಡುಬಿಂದುವಿನ ಕಿರಣ ಬಾಗದೆ ಸಾಗುತ್ತದೆ. ಇವೂ ಮುಂದೆ ಕೂಡುವುದಿಲ್ಲ. ಹಿಂದಕ್ಕೆ ಎಳೆದರೆ ವಸ್ತು ಇರುವ ಬದಿಯಲ್ಲೇ, ಎಡಕ್ಕೆ, ಮತ್ತೆ ಮೂರು ಪಟ್ಟು ಎತ್ತರದಲ್ಲಿ ಸಂಧಿಸುತ್ತವೆ. ಮಸೂರದ ಸೂತ್ರ 1/v - 1/u = 1/f, ವರ್ಧನೆ m = v/u. f = +15, u = -10 ಎಂದರೆ v = -30, m = +3.

ಎರಡೂ ಪ್ರತಿಬಿಂಬಗಳು ಮಿಥ್ಯಾ, ಎರಡೂ ನೇರ, ಎರಡೂ ಮೂರು ಪಟ್ಟು ದೊಡ್ಡವು. ಆದರೂ ದರ್ಪಣದಲ್ಲಿ v ಧನ, ಮಸೂರದಲ್ಲಿ ಋಣ. 'v ಋಣವಾದರೆ ಸತ್ಯ ಪ್ರತಿಬಿಂಬ' ಎಂದು ದರ್ಪಣದ ಪಾಠದಲ್ಲಿ ಬಾಯಿಪಾಠ ಮಾಡಿದವರು ಮಸೂರದ ಪಾಠದಲ್ಲಿ ಎಡವುವುದು ಇಲ್ಲೇ. ದರ್ಪಣ ಬೆಳಕನ್ನು ಎಡಕ್ಕೆ ಮರಳಿಸುತ್ತದೆ, ಮಸೂರ ಬಲಕ್ಕೆ ಬಿಟ್ಟುಕೊಡುತ್ತದೆ. ಪ್ರತಿಬಿಂಬವಿರುವ ಬದಿಗೆ ಬೆಳಕು ನಿಜವಾಗಿ ಹೋಗುತ್ತದೆಯೇ ಎಂದು ಕೇಳಿಕೊಂಡರೆ ಪ್ರತ್ಯೇಕ ನಿಯಮವೇ ಬೇಕಾಗುವುದಿಲ್ಲ. ವಸ್ತುವನ್ನು 20 ಸೆಂ.ಮೀ.ಗೆ ಸರಿಸಿದಾಗ ದರ್ಪಣಕ್ಕೆ v = -60, ಮಸೂರಕ್ಕೆ v = +60 ಬರುತ್ತದೆ. ಎರಡರಲ್ಲೂ ಬೆಳಕು ಅಲ್ಲಿಗೆ ತಲಪುತ್ತದೆ, ಎರಡೂ ಸತ್ಯ ಪ್ರತಿಬಿಂಬಗಳೇ. ವರ್ಧನೆ ಎರಡಕ್ಕೂ -3, ಅಂದರೆ ತಲೆಕೆಳಗು.

ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವವರು ಇನ್ನೊಂದನ್ನು ಗಮನಿಸಬೇಕು. ಸತ್ಯವಾದ ದೂರವೆಲ್ಲ ಧನ, ಮಿಥ್ಯೆಯೆಲ್ಲ ಋಣ ಎನ್ನುವ ಬೇರೊಂದು ಪದ್ಧತಿಯೂ ಹಳೆಯ ಪುಸ್ತಕಗಳಲ್ಲಿದೆ. ಅದರಲ್ಲಿ ದರ್ಪಣಕ್ಕೂ ಮಸೂರಕ್ಕೂ ಕೂಡಿಸುವ ಒಂದೇ ಸೂತ್ರ. ಅದೂ ಸರಿಯಾದದ್ದೇ. ಆದರೆ ಆ ಪದ್ಧತಿಯ ಸೂತ್ರಕ್ಕೆ ಈ ಪದ್ಧತಿಯ ಚಿಹ್ನೆಗಳನ್ನು ಬೆರೆಸಿದರೆ ಭೂತಗನ್ನಡಿಯ ಪ್ರತಿಬಿಂಬ ಮಸೂರದಾಚೆ 6 ಸೆಂ.ಮೀ.ಗೆ ಬಂದು ಕೂರುತ್ತದೆ. ಅಲ್ಲಿ ಯಾವ ಎರಡು ಕಿರಣಗಳೂ ಕೂಡುವುದಿಲ್ಲ.

ಪೀನ ದರ್ಪಣದ ಧನ ಚಿಹ್ನೆಯ ಫಲವನ್ನು ನಗರದ ರಸ್ತೆಗಳಲ್ಲಿ ದಿನವೂ ಕಾಣಬಹುದು. ಅನೇಕ ಕಾರುಗಳ ಪಕ್ಕದ ಕನ್ನಡಿಗಳ ಮೇಲೆ, ಅದರಲ್ಲಿ ಕಾಣುವ ವಾಹನಗಳು ವಾಸ್ತವದಲ್ಲಿ ಇನ್ನೂ ಹತ್ತಿರವಿವೆ ಎಂಬ ಎಚ್ಚರಿಕೆ ಇರುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಅದರ ಸಂಗಮದೂರವನ್ನು +1 ಮೀಟರ್ ಎಂದುಕೊಳ್ಳೋಣ. ಹಿಂದಿನ ವಾಹನ ಕನ್ನಡಿಯಿಂದ 19 ಮೀಟರ್ ದೂರವಿದ್ದಾಗ v = +0.95 ಮೀಟರ್, ವರ್ಧನೆ 0.05. ಒಂದೂವರೆ ಮೀಟರ್ ಎತ್ತರದ ಕಾರಿನ ಪ್ರತಿಬಿಂಬ ಏಳೂವರೆ ಸೆಂ.ಮೀ. ಮಾತ್ರ. ವಾಹನ 9 ಮೀಟರಿಗೆ ಬಂದಾಗ v = +0.90, ವರ್ಧನೆ 0.1, ಪ್ರತಿಬಿಂಬದ ಎತ್ತರ 15 ಸೆಂ.ಮೀ. ಚಪ್ಪಟೆ ಕನ್ನಡಿಯಾಗಿದ್ದರೆ ಪ್ರತಿಬಿಂಬವೂ ಹತ್ತು ಮೀಟರ್ ಸರಿಯುತ್ತಿತ್ತು. ಇಲ್ಲಿ ಅದು ಸರಿದದ್ದು 5 ಸೆಂ.ಮೀ. ಮಾತ್ರ. ಚಾಲಕನ ಕಣ್ಣಿಗೆ ಉಳಿಯುವ ಸುಳಿವು ಗಾತ್ರವೊಂದೇ. ಆ ಗಾತ್ರವೂ ಚಪ್ಪಟೆ ಕನ್ನಡಿ ತೋರುವುದಕ್ಕಿಂತ ಕಿರಿದಾಗಿರುವುದರಿಂದ, ಒಂಬತ್ತು ಮೀಟರಿನಲ್ಲಿರುವ ವಾಹನ ಇನ್ನೂ ಬಹಳ ಹಿಂದಿದೆ ಎಂದೇ ಅವನಿಗೆ ತೋರುತ್ತದೆ.