ಡಿಎ ಎಲ್ಲಿ ಪೂರ್ತಿ, ಎಲ್ಲಿ ಅರ್ಧ?

ಬಿ.ಕಾಂ. ಆದಾಯ ತೆರಿಗೆ ಪತ್ರಿಕೆ ಕೈಗೆ ಬಂದೊಡನೆ ಹೆಚ್ಚಿನ ವಿದ್ಯಾರ್ಥಿಗಳು ಮೊದಲು ಹುಡುಕುವುದು ವೇತನದ ಲೆಕ್ಕವನ್ನೇ. ಬಂಡವಾಳ ಲಾಭದ ಲೆಕ್ಕಕ್ಕಿಂತ ಇದು ಸುಲಭವೆಂಬ ನಂಬಿಕೆ ಇದೆ. ನೋಡಿದರೆ ಬರೀ ಕೂಡಿಸುವುದು, ಕಳೆಯುವುದು, ಒಂದಿಷ್ಟು ಶೇಕಡಾ. ಅಂಕ ಹೋಗುವುದು ಮಾತ್ರ ಗುಣಾಕಾರ ತಪ್ಪಿ ಅಲ್ಲ. ಯಾವ ಮೊತ್ತವನ್ನು ಯಾವ ಜಾಗದಲ್ಲಿ ಕಳೆಯಬೇಕು ಎಂಬಲ್ಲಿ ಎಡವುವುದೇ ಹೆಚ್ಚು.

ಆದಾಯ ತೆರಿಗೆ ಕಾನೂನು ವ್ಯಕ್ತಿಯ ಗಳಿಕೆಯನ್ನು ಐದು ಶೀರ್ಷಿಕೆಗಳಲ್ಲಿ ವಿಂಗಡಿಸುತ್ತದೆ: ವೇತನ, ಮನೆ ಆಸ್ತಿ, ವ್ಯಾಪಾರ ಅಥವಾ ವೃತ್ತಿ, ಬಂಡವಾಳ ಲಾಭ, ಇತರ ಮೂಲಗಳು. ವೇತನವೆನಿಸಿಕೊಳ್ಳಲು ಕೊಡುವವರು ಮಾಲೀಕರಾಗಿ, ಪಡೆಯುವವರು ನೌಕರರಾಗಿ ಇರಬೇಕು. ಕಾಲೇಜು ಅಧ್ಯಾಪಕರಿಗೆ ತಿಂಗಳಿಗೆ ಬರುವ ಸಂಬಳ ವೇತನ. ಅದೇ ಅಧ್ಯಾಪಕರು ಬೇರೊಂದು ವಿಶ್ವವಿದ್ಯಾಲಯದ ಉತ್ತರಪತ್ರಿಕೆ ತಿದ್ದಿ ಪಡೆದ ಸಂಭಾವನೆ ಇತರ ಮೂಲಗಳ ಆದಾಯ. ಪಾಲುದಾರನಿಗೆ ಸಂಸ್ಥೆ ಕೊಡುವ ‘ಸಂಬಳ’ ವ್ಯಾಪಾರದ ಆದಾಯ. ಶಾಸಕರು ನೌಕರರಲ್ಲವಾದ್ದರಿಂದ ಅವರ ಸಂಬಳವೂ ಇತರ ಮೂಲಗಳಿಗೇ ಸೇರುತ್ತದೆ. ನಿವೃತ್ತರ ಪಿಂಚಣಿ ವೇತನ. ಅವರು ತೀರಿಕೊಂಡ ಮೇಲೆ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ವೇತನವಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇಂಥ ಒಂದೆರಡು ಮೊತ್ತಗಳನ್ನು ಸಂಬಳದ ಸಾಲಿನ ನಡುವೆಯೇ ನುಸುಳಿಸಿರುತ್ತಾರೆ.

ಇನ್ನು ಕಳೆಯುವ ಜಾಗಗಳು. ಅವು ಮೂರು. ಮೊದಲನೆಯದು ಆಯಾ ಭತ್ಯೆಯ ಒಳಗೇ ಸಿಗುವ ವಿನಾಯಿತಿ. ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ, ಇದಕ್ಕೆ ಉದಾಹರಣೆ. ಎರಡನೆಯದು ಒಟ್ಟು ವೇತನ ಬಂದ ಮೇಲೆ ಸೆಕ್ಷನ್ 16ರ ಕಡಿತ. ಮೂರನೆಯದು ಐದೂ ಶೀರ್ಷಿಕೆಗಳನ್ನು ಕೂಡಿಸಿದ ನಂತರ ಬರುವ 80ಸಿ, 80ಡಿ ಮುಂತಾದ ಕಡಿತಗಳು. ಒಂದು ಜಾಗದ್ದನ್ನು ಇನ್ನೊಂದರಲ್ಲಿ ಕಳೆದರೆ ಕೆಲವೊಮ್ಮೆ ಕೊನೆಯ ಉತ್ತರ ಸರಿಯಾಗಿಯೇ ಬರಬಹುದು. ಆದರೆ ‘ವೇತನ ಆದಾಯ’ ಎಂದು ಬರೆದ ಸಾಲು ತಪ್ಪಾಗಿರುತ್ತದೆ, ಆ ಸಾಲಿಗೂ ಅಂಕವಿರುತ್ತದೆ.

ಒಂದು ಲೆಕ್ಕವನ್ನೇ ಬಿಡಿಸೋಣ. 2025-26ರ ಕರ ನಿರ್ಧಾರಣಾ ವರ್ಷ, ಹಳೆಯ ತೆರಿಗೆ ಪದ್ಧತಿ. ಬೆಂಗಳೂರಿನ ಖಾಸಗಿ ಕಂಪನಿಯೊಂದರ 60 ವರ್ಷದೊಳಗಿನ ಉದ್ಯೋಗಿಗೆ ತಿಂಗಳಿಗೆ ಮೂಲ ವೇತನ 40,000, ಡಿಎ 10,000, ಎಚ್‌ಆರ್‌ಎ 20,000 ರೂಪಾಯಿ. ಕೊಡುವ ಬಾಡಿಗೆ ತಿಂಗಳಿಗೆ 25,000. ಮಾನ್ಯತೆ ಪಡೆದ ಭವಿಷ್ಯ ನಿಧಿಗೆ ಉದ್ಯೋಗಿ 6,000, ಕಂಪನಿಯೂ 6,000 ಕಟ್ಟುತ್ತಾರೆ. ವೃತ್ತಿ ತೆರಿಗೆ ತಿಂಗಳಿಗೆ 200. ಜೊತೆಗೆ ಪ್ರಶ್ನೆಯ ನಡುವೆ ಒಂದು ಪುಟ್ಟ ವಾಕ್ಯ: ‘ಡಿಎಯ ಅರ್ಧಭಾಗ ಮಾತ್ರ ನಿವೃತ್ತಿ ಸೌಲಭ್ಯಗಳಿಗೆ ಪರಿಗಣಿತ’. ಅವಸರದಲ್ಲಿ ಓದುವವರ ಕಣ್ಣಿಗೆ ಬೀಳದ ಈ ವಾಕ್ಯದ ಮೇಲೆ ಇಡೀ ಲೆಕ್ಕ ನಿಂತಿದೆ.

ಡಿಎ ಪೂರ್ತಿ ತೆರಿಗೆಗೆ ಒಳಪಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಾಗಾಗಿ ಮೂಲ ವೇತನ 4,80,000ದ ಕೆಳಗೆ 1,20,000 ಬರೆಯಬೇಕು. ಎಚ್‌ಆರ್‌ಎ ವಿನಾಯಿತಿಗೆ ಬಂದಾಗ ಮಾತ್ರ ‘ವೇತನ’ ಎಂದರೆ ಮೂಲ ವೇತನ, ನಿವೃತ್ತಿ ಸೌಲಭ್ಯಕ್ಕೆ ಸೇರುವಷ್ಟು ಡಿಎ, ಮತ್ತು ವಹಿವಾಟಿನ ಮೇಲೆ ನಿಗದಿತ ಶೇಕಡಾವಾರು ಕಮಿಷನ್ ಇದ್ದರೆ ಅದು. ಇಲ್ಲಿ ಕಮಿಷನ್ ಇಲ್ಲ. ಆದ್ದರಿಂದ 4,80,000ಕ್ಕೆ 60,000 ಸೇರಿಸಿ 5,40,000.

ವಿನಾಯಿತಿ ಸಿಗುವುದು ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದಕ್ಕೆ. ಪಡೆದ ಎಚ್‌ಆರ್‌ಎ 2,40,000. ಕೊಟ್ಟ ಬಾಡಿಗೆ 3,00,000ದಲ್ಲಿ ವೇತನದ ಶೇ 10, ಅಂದರೆ 54,000 ಕಳೆದರೆ 2,46,000. ವೇತನದ ಶೇ 40 ಎಂದರೆ 2,16,000. ಕೊನೆಯದೇ ಕಡಿಮೆ. 2,16,000ಕ್ಕೆ ವಿನಾಯಿತಿ, ಉಳಿದ 24,000ಕ್ಕೆ ತೆರಿಗೆ. ಬೆಂಗಳೂರಿಗೆ ಶೇ 50 ಯಾಕಿಲ್ಲ ಎಂದು ಕೇಳುವವರುಂಟು. ಈ ವರ್ಷಕ್ಕೆ ಅನ್ವಯಿಸುವ ನಿಯಮದಲ್ಲಿ ಶೇ 50 ಇರುವುದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಇಲ್ಲಿನ ಬಾಡಿಗೆ ಕಟ್ಟುವವರಿಗೆ ಇದು ನ್ಯಾಯವೆನಿಸದಿದ್ದರೂ ಪರೀಕ್ಷೆಯಲ್ಲಿ ನಿಯಮವನ್ನೇ ಬರೆಯಬೇಕು.

ಈಗ ತಪ್ಪು ಮಾಡಿ ನೋಡಿ. ಡಿಎಯನ್ನು ಪೂರ್ತಿ ಸೇರಿಸಿ ವೇತನ 6,00,000 ಎಂದುಕೊಂಡರೆ ಮೂರೂ ಮೊತ್ತಗಳು 2,40,000ಕ್ಕೇ ಬಂದು ನಿಲ್ಲುತ್ತವೆ. ಎಚ್‌ಆರ್‌ಎಗೆ ತೆರಿಗೆಯೇ ಇಲ್ಲವೆಂದು ಬರೆದು ವಿದ್ಯಾರ್ಥಿ ಖುಷಿಯಿಂದ ಮುಂದೆ ಹೋಗುತ್ತಾನೆ. ಮೂರು ಉತ್ತರಗಳು ಅಷ್ಟು ಚೆನ್ನಾಗಿ ಹೊಂದಿಕೊಂಡರೆ ಪ್ರಶ್ನೆಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಭವಿಷ್ಯ ನಿಧಿಯಲ್ಲೂ ಇದೇ ಕಥೆ. ಕಂಪನಿ ಕಟ್ಟಿದ 72,000ದಲ್ಲಿ ವೇತನದ ಶೇ 12ರವರೆಗೆ ಮಾತ್ರ ವಿನಾಯಿತಿ. ಇಲ್ಲೂ ‘ವೇತನ’ 5,40,000ವೇ. ಅದರ ಶೇ 12 ಎಂದರೆ 64,800. ಹೆಚ್ಚಾದ 7,200 ವೇತನಕ್ಕೆ ಸೇರುತ್ತದೆ. ಪೂರ್ತಿ ಡಿಎ ಹಿಡಿದಿದ್ದರೆ ಮಿತಿ ಸರಿಯಾಗಿ 72,000 ಆಗಿ ಈ ಮೊತ್ತ ಕಾಣೆಯಾಗುತ್ತಿತ್ತು.

ಉದ್ಯೋಗಿ ತನ್ನ ಸಂಬಳದಿಂದ ಕಟ್ಟಿದ 72,000ದ ದಾರಿ ಬೇರೆ. ಕೈಗೆ ಬರುವ ಮೊದಲೇ ಕಡಿತವಾಗುವುದರಿಂದ ಅದನ್ನು ವೇತನದಲ್ಲೇ ಕಳೆದುಬಿಡುವವರಿದ್ದಾರೆ. ಕೆಲವರು ಅಲ್ಲಿ ಕಳೆದು, ಮತ್ತೆ 80ಸಿಯಲ್ಲೂ ತೋರಿಸುತ್ತಾರೆ. ಕಾನೂನಿನ ಕಣ್ಣಿಗೆ ಅದು ಸಂಪಾದಿಸಿ ಖರ್ಚು ಮಾಡಿದ ಹಣ; ಸಿಗುವುದು ಮೂರನೇ ಜಾಗದಲ್ಲಿ ಮಾತ್ರ. ‘ಭವಿಷ್ಯ ನಿಧಿ, ಟಿಡಿಎಸ್ ಕಳೆದು ಬಂದ ಸಂಬಳ’ ಎಂದು ಪ್ರಶ್ನೆಯಲ್ಲಿದ್ದರೆ ಎರಡನ್ನೂ ಮತ್ತೆ ಕೂಡಿಸಿಕೊಂಡೇ ಲೆಕ್ಕ ಆರಂಭಿಸಬೇಕು.

ಒಟ್ಟು ವೇತನ ಹೀಗಾಯಿತು: 4,80,000, 1,20,000, 24,000, 7,200 ಸೇರಿ 6,31,200. ಸೆಕ್ಷನ್ 16ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400 ಕಳೆದರೆ ವೇತನ ಶೀರ್ಷಿಕೆಯ ಆದಾಯ 5,78,800. ಮನರಂಜನಾ ಭತ್ಯೆಯ ಕಡಿತವೂ ಇದೇ ಸೆಕ್ಷನ್ನಿನಲ್ಲಿದೆ. ಅದು ಸರ್ಕಾರಿ ನೌಕರರಿಗೆ ಮಾತ್ರ, ಇಲ್ಲಿ ಬೇಡ.

ಉಳಿತಾಯ ಖಾತೆಯ ಬಡ್ಡಿ 8,000 ಬಂದಿದೆ ಎನ್ನಿ. ಇತರ ಮೂಲಗಳಡಿ ಅದನ್ನು ಸೇರಿಸಿದರೆ 5,86,800. ಈಗ ಮೂರನೇ ಜಾಗ. 80ಸಿಯಲ್ಲಿ ಭವಿಷ್ಯ ನಿಧಿಯ 72,000 ಇದೆ. ಜೀವವಿಮೆಗೆ 24,000 ಕಟ್ಟಿದ್ದಾರೆ, ಆದರೆ ಪಾಲಿಸಿಯ ಮೊತ್ತ 2,00,000. ಏಪ್ರಿಲ್ 2012ರ ನಂತರದ ಸಾಮಾನ್ಯ ಪಾಲಿಸಿಯಾದರೆ ವಿಮಾ ಮೊತ್ತದ ಶೇ 10ರಷ್ಟು ಕಂತಿಗೆ ಮಾತ್ರ ಲಾಭ, ಹಾಗಾಗಿ 20,000. ಒಟ್ಟು 92,000, 1,50,000ದ ಮಿತಿಯೊಳಗಿದೆ. 80ಟಿಟಿಎ ಅಡಿ ಬಡ್ಡಿಯ 8,000 ಪೂರ್ತಿ ಹೋಗುತ್ತದೆ. ಉಳಿಯುವ ತೆರಿಗೆಯೋಗ್ಯ ಆದಾಯ 4,86,800. ಅದಕ್ಕೆ ತೆರಿಗೆ 11,840. ಆದಾಯ ಐದು ಲಕ್ಷ ದಾಟದ ಕಾರಣ 87ಎ ರಿಯಾಯಿತಿಯಲ್ಲಿ ಅದು ಪೂರ್ತಿ ಮನ್ನಾ.

ಇದೇ ಉದ್ಯೋಗಿಯನ್ನು ಹೊಸ ಪದ್ಧತಿಗೆ ತಂದರೆ ಚಿತ್ರವೇ ಬೇರೆ. ಎಚ್‌ಆರ್‌ಎ ವಿನಾಯಿತಿ ಇಲ್ಲ, ವೃತ್ತಿ ತೆರಿಗೆಯ ಕಡಿತ ಇಲ್ಲ, 80ಸಿ, 80ಟಿಟಿಎ ಕೂಡ ಇಲ್ಲ. ಇರುವುದು 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್. ಆದಾಯ 7,80,200 ಆಗಿ, ಸೆಸ್ ಸೇರಿ ತೆರಿಗೆ 29,140 ರೂಪಾಯಿಗೆ ಬರುತ್ತದೆ. ಆ ವರ್ಷ ಕಾನೂನು ತಾನಾಗಿ ಹಿಡಿಯುವುದು ಹೊಸ ಪದ್ಧತಿಯನ್ನೇ. ಹಳೆಯದು ಬೇಕಾದರೆ ಆರಿಸಿಕೊಳ್ಳಬೇಕು. ಆದ್ದರಿಂದ ‘115ಬಿಎಸಿಯಿಂದ ಹೊರಗುಳಿದಿದ್ದಾರೆ’ ಎಂಬ ಮಾತು ಪ್ರಶ್ನೆಯಲ್ಲಿ ಇದೆಯೋ ಇಲ್ಲವೋ ನೋಡಿಕೊಂಡೇ ಮೊದಲ ಸಾಲು ಬರೆಯಬೇಕು. 2026ರ ಏಪ್ರಿಲ್‌ನಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಭ್ಯಾಸ ಮಾಡುವವರು ಅದರ ತಲೆಯ ಮೇಲಿರುವ ವರ್ಷವನ್ನೂ ನೋಡಿಕೊಳ್ಳಬೇಕಾಗುತ್ತದೆ.