ಲೈನಿಂಗ್‌ಗೆ ಬೇಕು ಎರಡು ಸೆಂಟಿಮೀಟರ್ ಸಡಿಲ

ಹೊಸ ಸ್ಕರ್ಟ್ ಹ್ಯಾಂಗರ್‌ನಲ್ಲಿದ್ದಾಗ ನೀಟಾಗಿಯೇ ಇಳಿದಿರುತ್ತದೆ. ತೊಟ್ಟು ನಾಲ್ಕು ಬಾರಿ ಕುಳಿತೆದ್ದರೆ ಸಾಕು, ಕೆಳಗಿನ ಅಂಚು ಒಳಕ್ಕೆ ಸೆಳೆದುಕೊಳ್ಳುತ್ತದೆ, ಅದರ ಮೇಲೆ ಅಲ್ಲಲ್ಲಿ ಬಟ್ಟೆ ಉಬ್ಬುತ್ತದೆ. ತಪ್ಪು ಹೆಚ್ಚಾಗಿ ಹೊರಬಟ್ಟೆಯದಲ್ಲ, ಒಳಗಿನ ಲೈನಿಂಗ್‌ನದು. ಮೇಲೆ ಸೊಂಟಕ್ಕೆ, ಕೆಳಗೆ ಅಂಚಿಗೆ ಸರಿಯಳತೆಯಲ್ಲಿ ಬಿಗಿದ ಲೈನಿಂಗ್‌ಗೆ ಮೈ ಚಲಿಸಿದಾಗ ಹಿಗ್ಗಲು ಜಾಗವಿರುವುದಿಲ್ಲ. ಅದು ಅಂಚನ್ನೇ ಮೇಲಕ್ಕೆಳೆಯುತ್ತದೆ.

ಇದಕ್ಕೆ ಹೊಲಿಗೆಯವರು ಕಂಡುಕೊಂಡ ಉಪಾಯ ಜಂಪ್ ಹೆಮ್. ಲೈನಿಂಗನ್ನು ಬೇಕಾದುದಕ್ಕಿಂತ ತುಸು ಉದ್ದ ಬಿಟ್ಟು ಹೊಲಿಯುತ್ತಾರೆ. ಹೆಚ್ಚಿನ ಬಟ್ಟೆ ಹೊಲಿಗೆಯ ಮೇಲೆ ಸಣ್ಣ ಮಡಿಕೆಯಾಗಿ ಇಳಿಬೀಳುತ್ತದೆ. ಕುಳಿತಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ, ನಿಂತಾಗ ಮತ್ತೆ ಇಳಿಯುತ್ತದೆ.

ಸೀಳಿಲ್ಲದ, ನೇರವಾಗಿ ಇಳಿಯುವ ಉಣ್ಣೆ ಸ್ಕರ್ಟ್ ಒಂದನ್ನು ತೆಗೆದುಕೊಳ್ಳೋಣ. ಮುಗಿದ ಉದ್ದ 60 ಸೆಂ.ಮೀ., ಕೆಳಗೆ ಒಳಕ್ಕೆ ಮಡಿಸಿದ ಪಟ್ಟಿ 4 ಸೆಂ.ಮೀ. ಮೊದಲು ಈ ಪಟ್ಟಿಯನ್ನು ಹೊರಗೆ ಟಾಕು ಕಾಣದಂತೆ ಸಡಿಲವಾಗಿ ಹೆಮ್ಮಿಂಗ್ ಮಾಡಬೇಕು. ಸೊಂಟದ ಹೊಲಿಗೆಯಿಂದ ಅಳೆದು ಲೈನಿಂಗನ್ನೂ 60 ಸೆಂ.ಮೀ.ಗೇ ಕತ್ತರಿಸಿ, ಅದರ ಕೆಳಗಿನ 1 ಸೆಂ.ಮೀ. ಒಳಮಡಿಸಿದರೆ ಉಳಿಯುವುದು 59. ಈ ಮಡಿಸಿದ ತುದಿಯನ್ನು ಕೂರಿಸುವುದು ಪಟ್ಟಿಯ ಮೇಲೆ, ಸ್ಕರ್ಟಿನ ಅಂಚಿನಿಂದ 3 ಸೆಂ.ಮೀ. ಮೇಲಕ್ಕೆ. ಅಲ್ಲಿಗೆ ಸೊಂಟದಿಂದ ಇರುವ ದೂರ 57 ಮಾತ್ರ. ಹೀಗೆ ಉಳಿದ 2 ಸೆಂ.ಮೀ. ಬಟ್ಟೆಯೇ ಸಡಿಲ.

ಬಟ್ಟೆ ಕೆಳಗಿಳಿದು ಮತ್ತೆ ಮೇಲೇರುವುದರಿಂದ ಮಡಿಕೆ ಜೋತುಬೀಳುವುದು ಅದರ ಅರ್ಧ, ಅಂದರೆ 1 ಸೆಂ.ಮೀ. ಅದು ಹೊಲಿಗೆಯನ್ನು ಮುಚ್ಚುತ್ತದೆ, ಆದರೂ ಅಂಚಿಗಿಂತ 2 ಸೆಂ.ಮೀ. ಮೇಲೆಯೇ ನಿಲ್ಲುವುದರಿಂದ ಹೊರಗೆ ಇಣುಕುವುದಿಲ್ಲ.

ಹೊಲಿಯುವಾಗ ಮೊದಲು ಪಕ್ಕದ ಹೊಲಿಗೆಗಳನ್ನು ಒಂದಕ್ಕೊಂದು ಸೇರಿಸಿ ಗುಂಡುಪಿನ್ನು ಚುಚ್ಚಬೇಕು, ಆಮೇಲೆ ನಡುವಿನ ಭಾಗ. ಇಲ್ಲದಿದ್ದರೆ ಲೈನಿಂಗ್ ಓರೆಯಾಗಿ ತಿರುಚಿಕೊಳ್ಳುತ್ತದೆ. ಸೂಜಿ ಲೈನಿಂಗನ್ನೂ ಒಳಪಟ್ಟಿಯನ್ನೂ ಮಾತ್ರ ಹಿಡಿಯಬೇಕು. ಹೊರಬಟ್ಟೆಗೆ ತಾಗಿದರೆ ಅಲ್ಲೊಂದು ಗುಳಿ ಕಾಣುತ್ತದೆ. ಕೊನೆಗೆ ಮಡಿಕೆಯ ಮೇಲೆ ಇಸ್ತ್ರಿಯನ್ನು ಒತ್ತದೆ ಹಗುರವಾಗಿ ಆಡಿಸಬೇಕು, ಒತ್ತಿದರೆ ಅದರ ಗೆರೆ ಹೊರಗೆ ಮೂಡುತ್ತದೆ.

ಪೂರ್ತಿ ಹೊಲಿಯುವ ಮುನ್ನ ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕುರ್ಚಿಯಲ್ಲಿ ಕುಳಿತು ನೋಡುವುದು ಒಳ್ಳೆಯದು. ಅಂಚು ಒಳಕ್ಕೆ ಸೆಳೆದರೆ ಸಡಿಲ ಸಾಲದು, ಲೈನಿಂಗ್ ಇಣುಕಿದರೆ ಹೆಚ್ಚಾಗಿದೆ. ಹತ್ತಿಯ ಲೈನಿಂಗ್ ಆದರೆ ಕತ್ತರಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಬೇಕು. ಮೊದಲ ಒಗೆತದಲ್ಲೇ ಅದು ಕುಗ್ಗಿದರೆ ಬಿಟ್ಟ ಸಡಿಲವೆಲ್ಲ ಕರಗಿಹೋಗುತ್ತದೆ.

ನಿರಿಗೆಯ ಲಂಗಕ್ಕೆ, ವೃತ್ತಾಕಾರದ ಘೇರಿಗೆ ಈ ವಿಧಾನ ಒಗ್ಗದು. ಅಲ್ಲಿ ಹೊರಬಟ್ಟೆಯ ಸುತ್ತಳತೆ ಲೈನಿಂಗ್‌ಗಿಂತ ಬಹಳ ಹೆಚ್ಚು, ಓರೆ ಎಳೆಯ ಬಟ್ಟೆ ದಿನಕಳೆದಂತೆ ಜೋಲುವುದೂ ಉಂಟು. ಅಂಥ ಉಡುಪಿನಲ್ಲಿ ಲೈನಿಂಗ್‌ನ ಅಂಚನ್ನು ಬೇರೆಯಾಗಿ ಹೊಲಿದು, 2 ಸೆಂ.ಮೀ. ಗಿಡ್ಡವಾಗಿ ಬಿಟ್ಟು, ಪಕ್ಕದ ಹೊಲಿಗೆಗಳ ಬಳಿ ಮಾತ್ರ ನಾಲ್ಕೈದು ಸೆಂ.ಮೀ. ಉದ್ದದ ದಾರದ ಸರಪಳಿಯಿಂದ ಹೊರಬಟ್ಟೆಗೆ ಹಿಡಿಸುವುದೇ ಸರಿ.